ಹದಿನೈದು ಸೆಕೆಂಡಿನ ಲೆಕ್ಕ

ಪೈಪ್‌ಲೈನ್ ಸೈಟುಗಳಲ್ಲಿ ಹಗಲು ಬೆಸುಗೆಯವರದ್ದು, ರಾತ್ರಿ ರೇಡಿಯೋಗ್ರಫಿಯವರದ್ದು. ಹೊರಗಿನಿಂದ ಚೆನ್ನಾಗಿಯೇ ಕಾಣುವ ಬೆಸುಗೆಯ ಒಳಗೆ ಸಣ್ಣ ಬಿರುಕೋ ಗಾಳಿಗುಳ್ಳೆಯೋ ಉಳಿದಿದೆಯೇ ಎಂದು ನೋಡಬೇಕಾದರೆ ಅದನ್ನು ಕೊಯ್ದು ನೋಡುವಂತಿಲ್ಲ. ಕೂಡಿಕೆಯ ಒಂದು ಮಗ್ಗುಲಿಗೆ ಫಿಲ್ಮ್ ಸುತ್ತಿ, ಇನ್ನೊಂದು ಮಗ್ಗುಲಿನಿಂದ ಗಾಮಾ ಕಿರಣ ಹಾಯಿಸಿ ಚಿತ್ರ ತೆಗೆಯುತ್ತಾರೆ. ಕಿರಣ ಬರುವುದು ವಿದ್ಯುತ್ತಿನ ಎಕ್ಸ್-ರೇ ಯಂತ್ರದಿಂದಲ್ಲ, ಇರಿಡಿಯಂ-192 ಎಂಬ ವಿಕಿರಣಶೀಲ ಲೋಹದ ಒಂದು ತುಣುಕಿನಿಂದ. ಎರಡು ಮೂರು ಮಿಲಿಮೀಟರ್ ಗಾತ್ರದ ಆ ತುಣುಕನ್ನು ಸ್ಟೀಲಿನ ಪುಟ್ಟ ಕೋಶದಲ್ಲಿ ಮುಚ್ಚಿ, ಕೇಬಲ್ಲಿನ ತುದಿಗೆ ಕಟ್ಟಿರುತ್ತಾರೆ. ಕೆಲಸವಿಲ್ಲದಾಗ ಅದು ಇರುವುದು 'ಕ್ಯಾಮೆರಾ' ಎಂದು ಎಲ್ಲರೂ ಕರೆಯುವ ಭಾರದ ಪೆಟ್ಟಿಗೆಯ ನಡುವೆ. ಹಲವು ಮೀಟರ್ ದೂರದಲ್ಲಿ ನಿಂತವರು ಕ್ರ್ಯಾಂಕ್ ತಿರುಗಿಸಿದರೆ ಸೋರ್ಸು ಕೊಳವೆಯೊಳಗೆ ಜಾರಿ ಬೆಸುಗೆಯ ಬಳಿಗೆ ಹೋಗುತ್ತದೆ. ಹಿಂದಕ್ಕೆ ತಿರುಗಿಸಿದರೆ ಪೆಟ್ಟಿಗೆ ಸೇರುತ್ತದೆ.

ಹಿಂದಕ್ಕೆ ತಿರುಗಿಸಿದರೂ ಬಾರದಿದ್ದಾಗ?

ಹೀಗಾಗುವುದುಂಟು. ಸ್ಟ್ಯಾಂಡಿನ ಮೇಲಿದ್ದ ಭಾರದ ಸಾಮಾನು ಜಾರಿ ಕೊಳವೆಯ ಮೇಲೆ ಬಿದ್ದು ಅದು ಚಪ್ಪಟೆಯಾದರೆ ಸೋರ್ಸು ತುದಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಯಾರಾದರೂ ಹತ್ತಿರ ಹೋಗಲೇಬೇಕು. ಎಷ್ಟು ಹತ್ತಿರ, ಎಷ್ಟು ಹೊತ್ತು ಎಂಬುದನ್ನು ಧೈರ್ಯ ನಿರ್ಧರಿಸುವುದಿಲ್ಲ. ಅದಕ್ಕೆ ಒಂದೇ ಸಾಲಿನ ಲೆಕ್ಕವಿದೆ. ಹೈಸ್ಕೂಲಿನ ಗಣಿತ ಗೊತ್ತಿದ್ದವರಿಗೆಲ್ಲ ಅದು ಬರುತ್ತದೆ. ತಪ್ಪುವುದಕ್ಕೂ ಅಷ್ಟೇ ಸುಲಭ.

ಗಾಮಾ ಕಿರಣ ಸೋರ್ಸಿನಿಂದ ಎಲ್ಲ ದಿಕ್ಕಿಗೂ ಸಮನಾಗಿ ಹೊರಡುತ್ತದೆ. ಒಂದು ಬಲೂನಿನ ಮೇಲೆ ಮಸಿಯ ನೂರು ಚುಕ್ಕೆ ಇಟ್ಟು ಊದುತ್ತ ಹೋದರೆ ಚುಕ್ಕೆಗಳ ಸಂಖ್ಯೆ ಬದಲಾಗದು, ಆದರೆ ಅವು ಒಂದರಿಂದ ಒಂದು ದೂರ ಸರಿಯುತ್ತವೆ. ಬಲೂನು ಎರಡರಷ್ಟು ದೊಡ್ಡದಾದಾಗ ಅದರ ಮೈ ನಾಲ್ಕರಷ್ಟಾಗುತ್ತದೆ. ಮೊದಲು ನಾಲ್ಕು ಚುಕ್ಕೆ ಇದ್ದಷ್ಟು ಜಾಗದಲ್ಲಿ ಈಗ ಒಂದೇ. ದೂರ ಇಮ್ಮಡಿಯಾದರೆ ಡೋಸು ಕಾಲುಭಾಗಕ್ಕೆ ಇಳಿಯುವುದು, ಹತ್ತು ಪಟ್ಟಾದರೆ ನೂರರಲ್ಲಿ ಒಂದಕ್ಕೆ ಇಳಿಯುವುದು ಇದೇ ಕಾರಣಕ್ಕೆ. ನಡುವಿನ ಗಾಳಿ ಕಿರಣವನ್ನು ಹೀರುವುದು ತೀರಾ ಕಡಿಮೆ, ಕೆಲವು ಮೀಟರುಗಳ ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡಬಹುದು.

ಇನ್ನುಳಿದದ್ದು ಒಂದು ಮೀಟರ್ ದೂರದಲ್ಲಿ ಡೋಸು ಎಷ್ಟು ಎಂಬ ಪ್ರಶ್ನೆ. ಅದು ಎರಡು ಸಂಗತಿಗಳ ಮೇಲೆ ನಿಂತಿದೆ. ಸೋರ್ಸಿನಲ್ಲಿ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತಿವೆ ಎಂಬುದು ಮೊದಲನೆಯದು. ಇದನ್ನು ಸೋರ್ಸಿನ ಬಲ ಎನ್ನೋಣ. ಹಳೆಯ ಅಳತೆ ಕ್ಯೂರಿ, ಹೊಸದು ಬೆಕ್ವೆರೆಲ್. ಒಡೆಯುವ ಪ್ರತಿ ಪರಮಾಣು ಎಷ್ಟು ಗಾಮಾ ಕಿರಣವನ್ನು, ಎಷ್ಟು ಶಕ್ತಿಯೊಂದಿಗೆ ಬಿಡುತ್ತದೆ ಎಂಬುದು ಎರಡನೆಯದು. ಈ ಎರಡನೆಯ ಸಂಗತಿ ಆಯಾ ಧಾತುವಿನ ಹುಟ್ಟುಗುಣ, ಯಾರಿಂದಲೂ ಬದಲಾಗದು. ಕೋಬಾಲ್ಟ್-60 ಪ್ರತಿ ಸಲವೂ ಎರಡು ಬಲವಾದ ಕಿರಣಗಳನ್ನು ಬಿಡುತ್ತದೆ. ಇರಿಡಿಯಂ ಬಿಡುವ ಕಿರಣಗಳು ಅದಕ್ಕಿಂತ ಮೆತ್ತನೆಯವು. ಈ ಗುಣವನ್ನೆಲ್ಲ ಕೂಡಿಸಿ, ಒಂದು ಅಳತೆಯಷ್ಟು ಬಲದ ಸೋರ್ಸು ಒಂದು ಮೀಟರ್ ದೂರದಲ್ಲಿ ಗಂಟೆಗೆ ಎಷ್ಟು ಡೋಸು ಕೊಡುತ್ತದೆ ಎಂದು ಒಂದೇ ಅಂಕಿಯಲ್ಲಿ ಹಿಡಿದಿಟ್ಟಿದ್ದಾರೆ. ಅದೇ ಗಾಮಾ ಸ್ಥಿರಾಂಕ. ಇರಿಡಿಯಂ-192ಕ್ಕೆ ಅದು ಒಂದು ಗಿಗಾಬೆಕ್ವೆರೆಲ್‌ಗೆ ಗಂಟೆಗೆ ಸುಮಾರು 0.13 ಮಿಲಿಸೀವರ್ಟ್, ಕೋಬಾಲ್ಟ್-60ಕ್ಕೆ ಸುಮಾರು 0.35, ಸೀಸಿಯಂ-137ಕ್ಕೆ ಸುಮಾರು 0.09.

ಲೆಕ್ಕ ಇಷ್ಟೇ:

```
D = Γ × A / d²
t = B / D
```

ಇಲ್ಲಿ Γ ಗಾಮಾ ಸ್ಥಿರಾಂಕ, A ಸೋರ್ಸಿನ ಬಲ, d ಮೀಟರಿನಲ್ಲಿ ದೂರ, D ಆ ಜಾಗದಲ್ಲಿ ಗಂಟೆಗೆ ಬೀಳುವ ಡೋಸು. B ಎಂದರೆ ಈ ಕೆಲಸಕ್ಕೆಂದು ಒಬ್ಬರಿಗೆ ಗೊತ್ತುಮಾಡಿದ ಡೋಸು, t ಎಂದರೆ ಅವರು ಅಲ್ಲಿ ಇರಬಹುದಾದ ಹೊತ್ತು.

ಈಗ ಸೋರ್ಸು ಸಿಕ್ಕಿಕೊಂಡ ಸೈಟಿಗೆ ಬರೋಣ. ಕ್ಯಾಮೆರಾಕ್ಕೆ ತುಂಬಿದ ದಿನ ಆ ಇರಿಡಿಯಂನ ಬಲ 40 ಕ್ಯೂರಿ ಇತ್ತು ಎನ್ನಿ. ಅವತ್ತಿಗೂ ಇವತ್ತಿಗೂ 74 ದಿನ ಕಳೆದಿದೆ. ಇರಿಡಿಯಂ-192ರ ಬಲ ಪ್ರತಿ 74 ದಿನಕ್ಕೆ ಅರ್ಧಕ್ಕೆ ಇಳಿಯುವುದರಿಂದ ಇವತ್ತು ಉಳಿದಿರುವುದು 20 ಕ್ಯೂರಿ. ಇದನ್ನು ಪ್ರತಿ ಸಲ ಕೂತು ಲೆಕ್ಕ ಹಾಕಬೇಕಾಗಿಲ್ಲ. ಯಾವ ದಿನಕ್ಕೆ ಎಷ್ಟು ಉಳಿದಿರುತ್ತದೆ ಎಂದು ತೋರಿಸುವ ಪಟ್ಟಿ ಸೋರ್ಸಿನ ಜೊತೆಗೇ ಬರುತ್ತದೆ. ಒಂದು ಕ್ಯೂರಿಗೆ 37 ಗಿಗಾಬೆಕ್ವೆರೆಲ್, ಆದ್ದರಿಂದ ಇವತ್ತಿನ ಬಲ 740 ಗಿಗಾಬೆಕ್ವೆರೆಲ್. ಅದನ್ನು 0.13ರಿಂದ ಗುಣಿಸಿದರೆ ಒಂದು ಮೀಟರಿನಲ್ಲಿ ಗಂಟೆಗೆ ಸುಮಾರು 96 ಮಿಲಿಸೀವರ್ಟ್.

96 ಎಂದರೆ ಎಷ್ಟೆಂದು ತಿಳಿಯಬೇಕಾದರೆ ಒಂದು ಹೋಲಿಕೆಯ ಅಂಕಿ ಬೇಕು. ಮಣ್ಣು, ಬಂಡೆ, ಗಾಳಿ, ಆಕಾಶದಿಂದ ನಮಗೆಲ್ಲ ಸಹಜವಾಗಿ ಬರುವ ವಿಕಿರಣ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಈ ಸೋರ್ಸಿನಿಂದ ಒಂದು ಮೀಟರ್ ದೂರದಲ್ಲಿ ನಿಂತರೆ ಅಷ್ಟು ಡೋಸು ಒಂದೂವರೆ ನಿಮಿಷದಲ್ಲಿ ಬೀಳುತ್ತದೆ. ನಮ್ಮ ದೇಶದಲ್ಲಿ ವಿಕಿರಣದ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ, ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಜನಸಾಮಾನ್ಯರಿಗೆ ವರ್ಷಕ್ಕೆ 1. ಇದನ್ನು ಗೊತ್ತುಮಾಡಿರುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ.

ಈ 20ನ್ನು ನೋಡಿ, ಒಂದು ಮೀಟರಿನಲ್ಲಿ ಹನ್ನೆರಡೂವರೆ ನಿಮಿಷ ಇರಬಹುದಲ್ಲ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಅಂಕಗಣಿತ ಸರಿ, ವಿಚಾರ ತಪ್ಪು. ಮಿತಿ ಎಂದರೆ ಖರ್ಚು ಮಾಡಲು ಕೊಟ್ಟ ಹಣವಲ್ಲ. ಮೇಲಾಗಿ ವರ್ಷದ ಉಳಿದ ಕೆಲಸಗಳೂ ಅದರೊಳಗೇ ಮುಗಿಯಬೇಕು. ಒಂದೊಂದು ಕೆಲಸಕ್ಕೂ ವಿಕಿರಣ ಸುರಕ್ಷತಾ ಅಧಿಕಾರಿ ಬೇರೆ ಬೇರೆಯಾಗಿ ಚಿಕ್ಕದೊಂದು ಪಾಲು ಗೊತ್ತುಮಾಡುತ್ತಾರೆ. ನಮ್ಮ ಸೈಟಿನಲ್ಲಿ ಆ ಪಾಲು 0.1 ಮಿಲಿಸೀವರ್ಟ್ ಎಂದಿಟ್ಟುಕೊಳ್ಳೋಣ. ಇದು ನಾನು ಉದಾಹರಣೆಗೆ ಆರಿಸಿಕೊಂಡ ಅಂಕಿ, ನಿಯಮದಲ್ಲಿ ಇರುವುದಲ್ಲ.

ಈಗ ಹೊತ್ತು ಎಷ್ಟು? ಹತ್ತು ಮೀಟರಿನಲ್ಲಿ ಡೋಸ್ ದರ ಗಂಟೆಗೆ 0.96, ಅಂದರೆ ಆರೂಕಾಲು ನಿಮಿಷ ನಿಲ್ಲಬಹುದು. ಎರಡು ಮೀಟರಿನಲ್ಲಿ ದರ 24, ಹೊತ್ತು 15 ಸೆಕೆಂಡು. ಒಂದು ಮೀಟರಿನಲ್ಲಿ ನಾಲ್ಕು ಸೆಕೆಂಡೂ ಇಲ್ಲ, 3.75. ಚಿಕ್ಕ ಇಕ್ಕಳ ಹಿಡಿದು 30 ಸೆಂಟಿಮೀಟರಿಗೆ ಹೋದರೆ ಸೆಕೆಂಡಿನ ಮೂರನೇ ಒಂದು ಪಾಲು. ಅಷ್ಟು ಹೊತ್ತಿನಲ್ಲಿ ಕೈಯಿಂದ ಯಾವ ಕೆಲಸವೂ ಆಗುವುದಿಲ್ಲ. ಲೆಕ್ಕ ಇಲ್ಲಿ ಬೇಗ ಕೆಲಸ ಮುಗಿಸಿ ಎಂದು ಹೇಳುತ್ತಿಲ್ಲ, ಅಷ್ಟು ಹತ್ತಿರ ಹೋಗಬೇಡಿ ಎನ್ನುತ್ತಿದೆ.

ಈ ಹೊತ್ತನ್ನೂ ಪೂರ್ತಿ ನಂಬುವ ಹಾಗಿಲ್ಲ. ಒಂದು ಮೀಟರಿನಲ್ಲಿ 3.75 ಸೆಕೆಂಡು ಎಂದಾಗ, ಆ ಮನುಷ್ಯ ಆಕಾಶದಿಂದ ನೇರವಾಗಿ ಅಲ್ಲಿ ಇಳಿದು ಹಾಗೇ ಮಾಯವಾಗುತ್ತಾನೆ ಎಂದು ನಾವು ಒಪ್ಪಿಕೊಂಡಂತಾಯಿತು. ನಿಜಕ್ಕೂ ಅವನು ದೂರದಿಂದ ನಡೆದು ಬರಬೇಕು, ನಡೆದು ಹೋಗಬೇಕು. ದಾರಿಯುದ್ದಕ್ಕೂ ಡೋಸು ಬೀಳುತ್ತಲೇ ಇರುತ್ತದೆ. ಹೆಜ್ಜೆ ಹೆಜ್ಜೆಗೂ ಬದಲಾಗುವ ದರವನ್ನು ಕೂಡಿಸಿ ನೋಡಿದರೆ ಬರುವ ಉತ್ತರ ಸೊಗಸಾಗಿದೆ, ನೆನಪಿಟ್ಟುಕೊಳ್ಳಲೂ ಹಗುರ. ಬಹುದೂರದಿಂದ ಸೋರ್ಸಿನತ್ತ ನೇರವಾಗಿ ಸೆಕೆಂಡಿಗೆ ಒಂದು ಮೀಟರ್ ನಡಿಗೆಯಲ್ಲಿ ಬಂದರೆ, ಬರುವ ದಾರಿಯಲ್ಲಿ ಬೀಳುವ ಒಟ್ಟು ಡೋಸು, ಕೊನೆಗೆ ನಿಲ್ಲುವ ಜಾಗ ಎಷ್ಟು ಮೀಟರಿನಲ್ಲಿದೆಯೋ ಅಷ್ಟೇ ಸೆಕೆಂಡು ಅಲ್ಲಿ ನಿಂತದ್ದಕ್ಕೆ ಸಮ. ಎರಡು ಮೀಟರಿನವರೆಗೆ ಬಂದರೆ ಎರಡು ಸೆಕೆಂಡು, ಒಂದು ಮೀಟರಿನವರೆಗೆ ಬಂದರೆ ಒಂದು ಸೆಕೆಂಡು. ಹಿಂತಿರುಗುವಾಗ ಮತ್ತೆ ಅಷ್ಟೇ. ಹೀಗಾಗಿ ಒಂದು ಮೀಟರಿನ 3.75 ಸೆಕೆಂಡಿನಲ್ಲಿ ಎರಡು ಸೆಕೆಂಡು ನಡಿಗೆಗೇ ಹೋಯಿತು. ಕೆಲಸಕ್ಕೆ ಉಳಿದದ್ದು ಹೆಚ್ಚುಕಡಿಮೆ ಎರಡು ಸೆಕೆಂಡು ಮಾತ್ರ. ಎರಡು ಮೀಟರಿನಲ್ಲಿ ಹದಿನೈದರಲ್ಲಿ ನಾಲ್ಕು ಕಳೆದು ಹನ್ನೊಂದು. ನೆಲ ಒದ್ದೆಯಾಗಿದ್ದು ಹುಷಾರಾಗಿ ಹೆಜ್ಜೆ ಇಡಬೇಕಾದರೆ, ಅಂದರೆ ನಡಿಗೆ ಅರ್ಧಕ್ಕೆ ಇಳಿದರೆ, ಈ ಖರ್ಚು ಇಮ್ಮಡಿಯಾಗುತ್ತದೆ. ಒಂದು ಮೀಟರಿನ ಲೆಕ್ಕದಲ್ಲಿ ಆಗ ಏನೂ ಉಳಿಯುವುದಿಲ್ಲ.

ಸೂತ್ರ ಸರಿಯಿದ್ದೂ ಉತ್ತರ ತಪ್ಪುವುದು ಬಹುಮಟ್ಟಿಗೆ ಎರಡು ಜಾಗಗಳಲ್ಲಿ.

ಒಂದು, ಅಳತೆಗಳ ಕಲಬೆರಕೆ. ನಮ್ಮಲ್ಲಿ ರೇಡಿಯೋಗ್ರಫಿಯವರು ಇಂದಿಗೂ ಕ್ಯೂರಿಯಲ್ಲೇ ಮಾತಾಡುತ್ತಾರೆ. ಅವರಿಗೆ ಬಾಯಿಪಾಠವಾಗಿರುವುದು ಹಳೆಯ ಆರ್‌ಎಚ್‌ಎಂ ಲೆಕ್ಕ: ಒಂದು ಕ್ಯೂರಿ ಇರಿಡಿಯಂ ಒಂದು ಮೀಟರಿನಲ್ಲಿ ಗಂಟೆಗೆ ಸುಮಾರು ಅರ್ಧ ರಾಂಟ್‌ಜನ್. ಆ ಲೆಕ್ಕದಲ್ಲಿ 20 ಕ್ಯೂರಿಗೆ ಹತ್ತು ರಾಂಟ್‌ಜನ್, ಅಂದರೆ ಸುಮಾರು ನೂರು ಮಿಲಿಸೀವರ್ಟ್. ನಮ್ಮ 96ರ ಆಸುಪಾಸೇ ಬಂತು. ಹಳೆಯದನ್ನು ಹಳೆಯದರ ಜೊತೆ, ಹೊಸದನ್ನು ಹೊಸದರ ಜೊತೆ ಇಟ್ಟರೆ ಎರಡೂ ಒಂದೇ ಉತ್ತರ ಕೊಡುತ್ತವೆ. ಆದರೆ ಪುಸ್ತಕದಿಂದ ಹೊಸ ಸ್ಥಿರಾಂಕ 0.13 ತೆಗೆದು, ಪಟ್ಟಿಯಿಂದ 20 ಕ್ಯೂರಿ ತೆಗೆದು ಗುಣಿಸಿದರೆ ಬರುವುದು 2.6. ನಿಜದ 37ರಲ್ಲಿ ಒಂದು ಪಾಲು. ಆ ಲೆಕ್ಕವನ್ನು ನಂಬಿದರೆ ಒಂದು ಮೀಟರಿನಲ್ಲಿ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಇರಬಹುದು ಅನ್ನಿಸುತ್ತದೆ, ಇದ್ದರೆ 0.1 ಅಲ್ಲ, ಸುಮಾರು 3.7 ಮಿಲಿಸೀವರ್ಟ್ ಬೀಳುತ್ತದೆ. ಈ ತಪ್ಪಿನ ಕೆಟ್ಟ ಗುಣವೆಂದರೆ 2.6 ನೋಡಲು ಅಸಹಜವಾಗಿ ಕಾಣುವುದಿಲ್ಲ. ಹಳೆಯ ದಾರಿಯಲ್ಲೂ ಹೊಸ ದಾರಿಯಲ್ಲೂ ಒಮ್ಮೊಮ್ಮೆ ಲೆಕ್ಕ ಹಾಕಿ ತಾಳೆ ನೋಡಿದರೆ ಮಾತ್ರ ಇದು ಸಿಕ್ಕಿಬೀಳುತ್ತದೆ. ಪಟ್ಟಿಯ ವಿಷಯವೂ ಹೀಗೆಯೇ. ದಿನ ಎಣಿಸುವುದನ್ನು ಮರೆತು ಮೊದಲ ದಿನದ 40 ಕ್ಯೂರಿಯನ್ನೇ ಹಿಡಿದರೆ ಉತ್ತರ ಇಮ್ಮಡಿ ಬರುತ್ತದೆ, ಅದರಿಂದ ಅಪಾಯವಿಲ್ಲ. ಹೊಸ ಸೋರ್ಸು ತುಂಬಿದ ಮೇಲೂ ಹಳೆಯ ಸೋರ್ಸಿನ ಪಟ್ಟಿಯನ್ನೇ ನೋಡುತ್ತಿದ್ದರೆ ಅಪಾಯ.

ಎರಡು, ದೂರ. ಬಲವನ್ನು ಹತ್ತು ಶೇಕಡಾ ತಪ್ಪಾಗಿ ಹಿಡಿದರೆ ಉತ್ತರವೂ ಹತ್ತು ಶೇಕಡಾ ತಪ್ಪುತ್ತದೆ, ಅಷ್ಟೇ. ದೂರದ ತಪ್ಪು ಹಾಗಲ್ಲ, ವರ್ಗವಾಗಿ ಬೆಳೆಯುತ್ತದೆ. ಒಂದು ಮೀಟರ್ ಅಂದುಕೊಂಡದ್ದು ನಿಜಕ್ಕೂ ಎಪ್ಪತ್ತು ಸೆಂಟಿಮೀಟರ್ ಆಗಿದ್ದರೆ ಡೋಸು ಇಮ್ಮಡಿಯಾಯಿತು. ಒಂದು ಮೀಟರ್ ಉದ್ದದ ಇಕ್ಕಳ ಹಿಡಿದವರು ಒಂದು ಮೀಟರ್ ದೂರದಲ್ಲಿದ್ದೇವೆ ಅಂದುಕೊಳ್ಳುತ್ತಾರೆ. ಹಿಡಿತ ಸಾಲದೆ ಇಕ್ಕಳದ ನಡುವಿಗೆ ಕೈ ಜಾರಿದರೆ, ಸರಿಯಾಗಿ ಕಾಣಲಿಲ್ಲವೆಂದು ಮುಂದಕ್ಕೆ ಬಗ್ಗಿದರೆ ಆ ಮೀಟರ್ ಎಲ್ಲಿ ಉಳಿಯಿತು? ಸೋರ್ಸು ಕೊಳವೆಯೊಳಗೆ ಎಲ್ಲಿದೆ ಎಂಬುದೂ ಕಣ್ಣಿಗೆ ಕಾಣುವುದಿಲ್ಲ. ತುದಿಯಲ್ಲಿದೆ ಎಂದುಕೊಂಡು ಹೊರಟವರ ಪಕ್ಕದಲ್ಲೇ, ಕೊಳವೆಯ ನಡುವೆ, ಅದು ನಿಂತಿರಬಹುದು.

ಇದನ್ನು ಬಗೆಹರಿಸಲು ಹತ್ತಿರ ಹೋಗಬೇಕಾಗಿಲ್ಲ. ಸರ್ವೇ ಮೀಟರ್ ಹಿಡಿದು, ಸೋರ್ಸಿನಿಂದ ಹತ್ತು ಮೀಟರ್ ಇರಬಹುದು ಎಂದು ತೋರಿದ ಕಡೆ ನಿಂತಿದ್ದೀರಿ ಎನ್ನಿ. ಲೆಕ್ಕದ ಪ್ರಕಾರ ಅಲ್ಲಿ ಗಂಟೆಗೆ 0.96 ಬರಬೇಕು, ಮೀಟರ್ ತೋರಿಸುತ್ತಿರುವುದು 1.5. ಅದೇ ಗೆರೆಯಲ್ಲಿ ಟೇಪ್ ಹಿಡಿದು ನಾಲ್ಕು ಮೀಟರ್ ಹಿಂದಕ್ಕೆ ಸರಿದು ಇನ್ನೊಂದು ಸಲ ನೋಡಿದಾಗ 0.67. ಮೊದಲನೆಯದು ಎರಡನೆಯದರ 2.25 ಪಟ್ಟು, ಅದರ ವರ್ಗಮೂಲ 1.5. ಅಂದರೆ ಹಿಂದಿನ ಜಾಗ ಮುಂದಿನ ಜಾಗದ ಒಂದೂವರೆ ಪಟ್ಟು ದೂರದಲ್ಲಿದೆ, ಎರಡರ ನಡುವಿನ ಅಂತರ ನಾಲ್ಕು ಮೀಟರ್. ಹಾಗಾದರೆ ಮೊದಲು ನಿಂತದ್ದು ಎಂಟು ಮೀಟರಿನಲ್ಲಿ, ಆಮೇಲಿನದು ಹನ್ನೆರಡರಲ್ಲಿ. ಸೋರ್ಸು ಅಂದುಕೊಂಡದ್ದಕ್ಕಿಂತ ಎರಡು ಮೀಟರ್ ಹತ್ತಿರದಲ್ಲಿದೆ. ಇನ್ನೂ ಒಂದು ಮಾತು ಇದರಲ್ಲಿ ಅಡಗಿದೆ: 1.5ನ್ನು ಎಂಟರ ವರ್ಗದಿಂದ ಗುಣಿಸಿದರೆ 96. ಪಟ್ಟಿಯಿಂದ ತೆಗೆದ ಬಲವೂ ಸರಿ, ಸೋರ್ಸಿಗೂ ನಮಗೂ ನಡುವೆ ತಡೆಯೇನೂ ಇಲ್ಲ ಎಂದಾಯಿತು. ಗುಣಿಸಿದಾಗ 96ಕ್ಕಿಂತ ತುಂಬ ಕಡಿಮೆ ಬಂದಿದ್ದರೆ, ಸೋರ್ಸು ಪೈಪಿನ ಲೋಹದ ಮರೆಯಲ್ಲೋ, ಕಿರಣವನ್ನು ಒಂದೇ ದಿಕ್ಕಿಗೆ ಬಿಡುವ ಕೊಲಿಮೇಟರಿನ ಒಳಗೋ ಇದೆ ಎಂದು ಊಹಿಸಬೇಕಿತ್ತು. ಈ ಪುಟ್ಟ ಲೆಕ್ಕ ಕೊಡುವಷ್ಟು ಮಾಹಿತಿಯನ್ನು ಬರಿಗಣ್ಣು ಕೊಡದು.

ಮೀಟರಿನ ವಿಷಯದಲ್ಲಿ ಒಂದು ಎಚ್ಚರ. ಕೆಲವು ಗೈಗರ್ ಮೀಟರುಗಳು ತೀರಾ ಬಲವಾದ ವಿಕಿರಣದ ಎದುರು ಉಸಿರುಕಟ್ಟಿದಂತಾಗಿ ತಮ್ಮ ಮಿತಿಗಿಂತ ಕಡಿಮೆ ತೋರಿಸುತ್ತವೆ, ಸೊನ್ನೆಗೂ ಇಳಿಯಬಹುದು. ಆದ್ದರಿಂದ ಮೀಟರನ್ನು ದೂರದಲ್ಲೇ ಹಾಕಿಕೊಂಡು, ಅಂಕಿ ಏರುವುದನ್ನು ನೋಡುತ್ತ ಹತ್ತಿರ ಬರಬೇಕು. ಏರುತ್ತ ಬಂದದ್ದು ಇದ್ದಕ್ಕಿದ್ದಂತೆ ಬಿದ್ದರೆ ಖುಷಿಪಡದೆ ಹಿಂದೆ ಸರಿಯಬೇಕು.

ಇನ್ನು ನಮ್ಮ ಸೈಟಿನ ಕೆಲಸ. ಮೊದಲು ಜನರನ್ನು ದೂರ ಮಾಡಬೇಕು. ವರ್ಷಕ್ಕೆ 20 ಮಿಲಿಸೀವರ್ಟನ್ನು ಎರಡು ಸಾವಿರ ಗಂಟೆಯ ಕೆಲಸಕ್ಕೆ ಹಂಚಿದರೆ ಗಂಟೆಗೆ 0.01. ಸೂತ್ರವನ್ನೇ ತಿರುಗಿಸಿ ಕೇಳಿದರೆ, 96 ಇಳಿದು 0.01 ಆಗುವುದು ಸುಮಾರು 98 ಮೀಟರಿನಲ್ಲಿ. ಮರೆಯಿಲ್ಲದ ಬಯಲಿನಲ್ಲಿ ಕೆಲಸಗಾರರೇ ನೂರು ಮೀಟರ್ ಆಚೆ ಇರಬೇಕು ಎಂದಾಯಿತು. ಊರಿನವರಿಗೆ ಅದರ ಹತ್ತನೇ ಒಂದು ಪಾಲು ಸಾಕು ಎಂದು ಹಿಡಿದರೆ ದೂರ ಹತ್ತು ಪಟ್ಟು ಆಗುವುದಿಲ್ಲ, ವರ್ಗಮೂಲದ ಲೆಕ್ಕದಲ್ಲಿ ಮೂರು ಪಟ್ಟಿಗಿಂತ ತುಸು ಹೆಚ್ಚು, ಸುಮಾರು 310 ಮೀಟರ್. ಹಗ್ಗ ಕಟ್ಟಿ, ಕಾವಲು ನಿಲ್ಲಿಸಿ, ಮಂಡಳಿಗೆ ಸುದ್ದಿ ಮುಟ್ಟಿಸಿದ ಮೇಲೆ ಅವಸರವಿಲ್ಲ. ಸೋರ್ಸು ಎಲ್ಲಿಗೂ ಓಡಿಹೋಗುವುದಿಲ್ಲ.

ಚಪ್ಪಟೆಯಾದ ಕೊಳವೆಯನ್ನು ಉದ್ದ ಹಿಡಿಯ ಸಲಕರಣೆಯಿಂದ ಒತ್ತಿ ಸರಿಮಾಡಬೇಕು, ಅದಕ್ಕೆ ಒಂದು ಮೀಟರಿನಲ್ಲಿ 40 ಸೆಕೆಂಡು ಬೇಕು ಎಂದುಕೊಳ್ಳೋಣ. ಹೋಗಿಬರುವುದೂ ಸೇರಿ 42. ಹಾಗೇ ನುಗ್ಗಿದರೆ ಬೀಳುವುದು 1.1 ಮಿಲಿಸೀವರ್ಟ್, ಗೊತ್ತುಮಾಡಿದ್ದರ ಹನ್ನೊಂದು ಪಟ್ಟು. ಹನ್ನೊಂದು ಜನರಿಗೆ ನಾಲ್ಕು ನಾಲ್ಕು ಸೆಕೆಂಡು ಹಂಚಬಹುದಲ್ಲ ಎಂದರೆ, ನಡಿಗೆಯ ಖರ್ಚು ಹನ್ನೊಂದು ಸಲ ಬೀಳುತ್ತದೆ, ಕೆಲಸಕ್ಕೆ ಒಬ್ಬೊಬ್ಬರಿಗೂ ಎರಡೇ ಸೆಕೆಂಡು ಸಿಗುತ್ತದೆ. ಆಗ ಹನ್ನೊಂದು ಜನ ಸಾಲುವುದೂ ಇಲ್ಲ.

ದಾರಿ ಬೇರೆ ಇದೆ. ಇರಿಡಿಯಂನ ಕಿರಣವನ್ನು ಸುಮಾರು ಅರ್ಧ ಸೆಂಟಿಮೀಟರ್ ಸೀಸ ಅರ್ಧಕ್ಕೆ ಇಳಿಸುತ್ತದೆ. ಎರಡೂವರೆ ಸೆಂಟಿಮೀಟರ್ ಎಂದರೆ ಅಂಥ ಐದು ಪದರ. ಅರ್ಧದ ಅರ್ಧದ ಅರ್ಧ ಮಾಡುತ್ತ ಹೋದರೆ 32ರಲ್ಲಿ ಒಂದು ಪಾಲು ಉಳಿಯುತ್ತದೆ. ಚದುರಿ ಬರುವ ಕಿರಣದಿಂದ ತುಸು ಹೆಚ್ಚಾದೀತು, ಆದರೂ ಅಂದಾಜಿಗೆ ಇದು ಸಾಕು. ಮೊದಲನೆಯವರು ಎರಡು ಮೀಟರ್ ಉದ್ದದ ಇಕ್ಕಳದಲ್ಲಿ ಸೀಸದ ಹಲಗೆ ಹಿಡಿದು ಬಂದು, ಐದು ಸೆಕೆಂಡಿನಲ್ಲಿ ಅದನ್ನು ಸೋರ್ಸಿನ ಮೇಲೆ ಇಟ್ಟು ಹಿಂತಿರುಗುತ್ತಾರೆ. ನಡಿಗೆಗೆ ನಾಲ್ಕು, ಕೆಲಸಕ್ಕೆ ಐದು, ಒಟ್ಟು ಒಂಬತ್ತು ಸೆಕೆಂಡು ಎರಡು ಮೀಟರಿನಲ್ಲಿ ನಿಂತಂತೆ: 0.06 ಮಿಲಿಸೀವರ್ಟ್. ಅದಾದ ಮೇಲೆ ಒಂದು ಮೀಟರಿನ ದರ 96ರಿಂದ 3ಕ್ಕೆ ಇಳಿದಿರುತ್ತದೆ. ನಲವತ್ತೆರಡು ಸೆಕೆಂಡಿಗೆ ಬೀಳುವುದು 0.035. ಒಬ್ಬರೇ ಎರಡನ್ನೂ ಮಾಡಿದರೂ 0.095, ಗೊತ್ತುಮಾಡಿದ್ದರ ಒಳಗೆ. 0.06 ಕೊಟ್ಟು ಸೀಸ ಇಟ್ಟಿದ್ದರಿಂದ ಒಂದು ಮಿಲಿಸೀವರ್ಟಿಗೂ ಹೆಚ್ಚು ಉಳಿಯಿತು. ಆದರೆ ಹಲಗೆ ಇಟ್ಟಾಕ್ಷಣ ನಂಬಿ ನುಗ್ಗುವಂತಿಲ್ಲ. ಅದು ಸೋರ್ಸಿನ ಮೇಲೇ ಕೂತಿತೋ ಪಕ್ಕಕ್ಕೆ ಜಾರಿತೋ ಎಂದು ಹಳೆಯ ಎಂಟು ಮೀಟರಿನಲ್ಲೇ ನಿಂತು ಮೀಟರ್ ನೋಡಬೇಕು: 1.5 ಇದ್ದದ್ದು 0.05ರ ಹತ್ತಿರ ಬಂದಿದ್ದರೆ ಸರಿ. 0.7 ತೋರಿಸಿದರೆ ಹಲಗೆ ಎಲ್ಲೋ ಸರಿದಿದೆ. ಸೀಸದ ಮರೆ ಇರುವುದು ಹಲಗೆಯ ಹಿಂದೆ ಮಾತ್ರ ಎಂಬುದೂ ನೆನಪಿರಬೇಕು. ಪಕ್ಕದಿಂದ ಹೋದವರಿಗೆ ಹಳೆಯ 96ರ ಲೆಕ್ಕವೇ.

ಈ ಇಡೀ ಲೆಕ್ಕ ನಿಂತಿರುವುದು ಸೋರ್ಸು ಒಂದು ಬಿಂದು ಎಂಬ ಊಹೆಯ ಮೇಲೆ. ದೂರ ಸೋರ್ಸಿನ ಗಾತ್ರದ ಹಲವು ಪಟ್ಟು ಇರುವವರೆಗೆ ಊಹೆ ನಿಲ್ಲುತ್ತದೆ. ಮೂರು ಮಿಲಿಮೀಟರಿನ ತುಣುಕಿಗೆ ಅರ್ಧ ಮೀಟರ್ ಎಂಬುದು ಬೇಕಾದಷ್ಟು ದೂರ. ಗೋಡೆ, ನೆಲಗಳಿಂದ ಚದುರಿ ಬರುವ ಕಿರಣ ಉತ್ತರವನ್ನು ಸ್ವಲ್ಪ ಏರಿಸುತ್ತದೆ, ಸ್ಟೀಲಿನ ಕೋಶ ಸ್ವಲ್ಪ ಇಳಿಸುತ್ತದೆ. ಬೇರೆ ಬೇರೆ ಪುಸ್ತಕಗಳಲ್ಲಿ ಇರಿಡಿಯಂನ ಸ್ಥಿರಾಂಕ ತುಸು ಬೇರೆ ಬೇರೆ ಇರುವುದೂ ಉಂಟು, ತೀರಾ ದುರ್ಬಲ ಕಿರಣಗಳನ್ನು ಲೆಕ್ಕಕ್ಕೆ ಹಿಡಿದರೋ ಬಿಟ್ಟರೋ ಎಂಬುದರ ಮೇಲೆ. ಎರಡು ಅಂಕಿ ಸಿಕ್ಕರೆ ದೊಡ್ಡದನ್ನು ಹಿಡಿಯುವುದು ಲೇಸು. ಸೋರ್ಸು ಚರ್ಮಕ್ಕೇ ತಾಗಿದರೆ ಮಾತ್ರ ಈ ಸೂತ್ರ ನಿಖರ ಉತ್ತರ ಕೊಡುವುದಿಲ್ಲ. ಯಾವ ಪ್ರಮಾಣದ ಅನಾಹುತ ಎಂದು ತೋರಿಸಲು ಅದು ಅಲ್ಲೂ ಸಾಕು.

ಪೆರು ದೇಶದ ಯನಾಂಗೊ ಎಂಬಲ್ಲಿ ಜಲವಿದ್ಯುತ್ ಕೇಂದ್ರದ ಕೆಲಸ ನಡೆಯುತ್ತಿದ್ದಾಗ, 1999ರ ಫೆಬ್ರವರಿ 20ರಂದು, ಕ್ಯಾಮೆರಾದಿಂದ ಕಳಚಿ ಬಿದ್ದಿದ್ದ ಇರಿಡಿಯಂ ಸೋರ್ಸನ್ನು ಒಬ್ಬ ಬೆಸುಗೆಗಾರ ಏನೆಂದು ತಿಳಿಯದೆ ಎತ್ತಿ ಪ್ಯಾಂಟಿನ ಹಿಂಜೇಬಿಗೆ ಹಾಕಿಕೊಂಡ. ಹಲವು ಗಂಟೆ ಅದು ಜೇಬಿನಲ್ಲೇ ಇತ್ತು, ಮನೆಗೂ ಹೋಯಿತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಈ ಘಟನೆಯ ಮೇಲೆ ವರದಿಯನ್ನೇ ಹೊರತಂದಿದೆ. ಸೋರ್ಸಿನ ಬಲ 1370 ಗಿಗಾಬೆಕ್ವೆರೆಲ್, ಅಂದರೆ 37 ಕ್ಯೂರಿ. ನಮ್ಮ ಸೂತ್ರಕ್ಕೆ ಹಾಕಿದರೆ ಒಂದು ಮೀಟರಿನಲ್ಲಿ ಗಂಟೆಗೆ 178 ಮಿಲಿಸೀವರ್ಟ್. ಒಂದು ಸೆಂಟಿಮೀಟರ್ ಅದರ ನೂರರಲ್ಲಿ ಒಂದು. ವರ್ಗ ಮಾಡಿದಾಗ ಹತ್ತು ಸಾವಿರ ಪಟ್ಟು. ಗಂಟೆಗೆ 1780 ಸೀವರ್ಟ್, ಸೆಕೆಂಡಿಗೆ ಸುಮಾರು ಅರ್ಧ ಸೀವರ್ಟ್. ಕೆಲಸಗಾರರ ಕೈಕಾಲುಗಳಿಗೆ ಇಡೀ ವರ್ಷಕ್ಕೆ ಇರುವ ಮಿತಿ ಅರ್ಧ ಸೀವರ್ಟ್. ಆತ ಬದುಕಿದ, ಬಲಗಾಲು ಉಳಿಯಲಿಲ್ಲ.

ರೇಡಿಯೋಗ್ರಫಿಯ ಪ್ರತಿ ಶಾಟ್ ಆದ ಮೇಲೆ ಮೀಟರ್ ಹಿಡಿದೇ ಕ್ಯಾಮೆರಾದ ಬಳಿಗೆ ಹೋಗಿ, ಕೊಳವೆಯುದ್ದಕ್ಕೂ ನೋಡಿ, ಸೋರ್ಸು ಒಳಗೆ ಸೇರಿದ್ದನ್ನು ಖಚಿತ ಮಾಡಿಕೊಳ್ಳಬೇಕೆಂಬ ನಿಯಮ ಇರುವುದು ಇದಕ್ಕೇ. ಕ್ರ್ಯಾಂಕ್ ತಿರುಗಿಸಿದಾಗ ಕೈಗೆ ಸಿಗುವ ಗುರುತು ಸಾಲದು, ಕೇಬಲ್ ವಾಪಸು ಬಂದು ಅದರ ತುದಿಯ ಸೋರ್ಸು ಕಳಚಿ ಉಳಿದಿರಬಹುದು. ನಮ್ಮ ಸೈಟಿನಲ್ಲೂ ಕೊಳವೆ ನೆಟ್ಟಗಾಗಿ ಸೋರ್ಸು ಒಳಗೆ ಜಾರಿದ ಮೇಲೆ ಮಾಡುವ ಮೊದಲ ಕೆಲಸ ಅದೇ. ಎಂಟು ಮೀಟರಿನಲ್ಲಿ ಮೀಟರ್ ಹೆಚ್ಚುಕಡಿಮೆ ಸೊನ್ನೆಗೆ ಬರಬೇಕು, ಕ್ಯಾಮೆರಾದ ಮೈಗೆ ಹಿಡಿದಾಗ ಎಂದಿನಷ್ಟೇ ತೋರಿಸಬೇಕು. ಎಂದಿಗಿಂತ ಕಡಿಮೆ ತೋರಿಸಿದರೆ ಪೆಟ್ಟಿಗೆ ಖಾಲಿ, ಸೋರ್ಸು ಹೊರಗೆಲ್ಲೋ ಇದೆ. ಆಮೇಲೆ ಜೇಬಿನ ಡೋಸಿಮೀಟರುಗಳನ್ನು ಓದಿ ಲೆಕ್ಕದ 0.095ರ ಪಕ್ಕದಲ್ಲಿ ಬರೆಯುತ್ತಾರೆ. ಅದು 0.12 ಇದ್ದರೆ ಯಾರೋ ತುಸು ಬಗ್ಗಿದ್ದಾರೆ ಅಥವಾ ತುಸು ತಡಮಾಡಿದ್ದಾರೆ. 0.5 ಇದ್ದರೆ ಲೆಕ್ಕವನ್ನು ಮೊದಲಿನಿಂದ ಬಿಚ್ಚಿ ನೋಡಬೇಕು, ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜನ್ನು ಮೂರು ತಿಂಗಳ ಸರದಿಗೆ ಕಾಯದೆ ಪರೀಕ್ಷೆಗೆ ಕಳಿಸಬೇಕು.